ಹದಿನಾರು ಗಂಟೆಯ ದಾರಿಗೆ ಒಂಬತ್ತು ದಿನ

ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಅವಳು ‘ಎಲ್ಲಿಗ್‌ಬಂತು ಅಕ್ಕ’. ಬೆಳಿಗ್ಗೆ ಒಂಬತ್ತಕ್ಕೆ ಬಂದು ಕುರ್ಚಿ ಎಳೆದುಕೊಂಡಳೆಂದರೆ ಟೆಲಿಫೋನು ಕಿವಿಗೆ ಅಂಟಿಕೊಂಡೇ ಇರುತ್ತಿತ್ತು. “ಹಲೋ, ಯಾರ್ಡಾ? ನಮ್ಮ ವ್ಯಾಗನ್ ಎಲ್ಲಿಗ್ ಬಂತು? ಹಲೋ, ಗೂಡ್ಸ್ ಶೆಡ್ಡಾ? ಎಲ್ಲಿಗ್ ಬಂತು?” ಹತ್ತೊಂಬತ್ತು ವರ್ಷ ಒಂದೇ ಪ್ರಶ್ನೆ. ಕಬ್ಬಿಣ ಕತ್ತರಿಸುವ ಯಂತ್ರದ ಸದ್ದಿನ ನಡುವೆಯೂ ಅದು ಕೇಳಿ ಬರುತ್ತಿತ್ತೆಂದು ಮೆಷಿನ್ ಶಾಪಿನವರು ಆಣೆ ಮಾಡಿ ಹೇಳುತ್ತಿದ್ದರು.

ಅವಳದು ರವಾನೆ ವಿಭಾಗ. ವಿಭಾಗ ಎಂದರೆ ದೊಡ್ಡದೇನಲ್ಲ: ಒಂದು ಮೇಜು, ಒಂದು ಫೋನು, ಕಾಲು ಅಲ್ಲಾಡುವ ಒಂದು ಕಪಾಟು, ಮತ್ತು ಅವಳು. ಕಿಟಕಿಯಿಂದ ನೋಡಿದರೆ ಕಾರ್ಖಾನೆಯ ಸೈಡಿಂಗ್ ಕಾಣುತ್ತಿತ್ತು. ಊರಿನ ರೈಲು ನಿಲ್ದಾಣದಿಂದ ಕವಲೊಡೆದು, ಹುಲ್ಲಿನ ನಡುವೆ ಹರಿದು ಬಂದು, ಗೋದಾಮಿನ ಮುಂದೆ ಮುಗಿದುಹೋಗುವ ಒಂಟಿ ಹಳಿ ಅದು. ಪಂಪುಗಳನ್ನು ಮರದ ಪೆಟ್ಟಿಗೆಗಳಲ್ಲಿ ಕೂರಿಸಿ, ಅಲ್ಲಿ ನಿಂತ ವ್ಯಾಗನ್ನಿಗೆ ತುಂಬಿ, ಬಾಗಿಲಿಗೆ ಸೀಲು ಹಾಕಿದರೆ ಮೇಸ್ತ್ರಿಯ ಕೆಲಸ ಮುಗಿಯಿತು. ಅಕ್ಕನ ಕೆಲಸ ಶುರುವಾಯಿತು.

ಮನೆಯಲ್ಲಿ ಅಪ್ಪ ಮಗಳು ಇಬ್ಬರೇ. ಅಮ್ಮ ತೀರಿಕೊಂಡು ಹತ್ತು ವರ್ಷವಾಗಿತ್ತು. ಅಪ್ಪ ಎಕ್ಸ್‌ಪ್ರೆಸ್ ರೈಲಿನ ನಿವೃತ್ತ ಡ್ರೈವರು. ನಿವೃತ್ತರಾದದ್ದು ಕೆಲಸದಿಂದ ಮಾತ್ರ, ವೇಗದಿಂದಲ್ಲ. ಸ್ನಾನ ನಾಲ್ಕು ನಿಮಿಷ, ಊಟ ಎಂಟು ನಿಮಿಷ. ಮಗಳು ಅಡುಗೆಮನೆಯಿಂದ ಹೊರಬರುವುದು ಒಂದೆರಡು ನಿಮಿಷ ತಡವಾದರೆ “ಏನೇ, ಸಿಗ್ನಲ್ ಸಿಗ್ಲಿಲ್ವಾ?” ಎಂದು ಕೂಗುತ್ತಿದ್ದರು. ಗೂಡ್ಸ್ ಗಾಡಿಗಳ ಬಗ್ಗೆ ಅವರಿಗೆ ಎಳ್ಳಷ್ಟೂ ಗೌರವವಿರಲಿಲ್ಲ. “ಅದೂ ಒಂದು ಗಾಡಿನಾ? ಎಮ್ಮೆ ಮೆರವಣಿಗೆ!” ಎನ್ನುವರು. ಅಂಥ ಎಮ್ಮೆಗಳ ಹಿಂದೆ ಮಗಳು ಅರ್ಧ ಆಯಸ್ಸು ಓಡಾಡುತ್ತಿರುವುದು ಅವರಿಗೆ ಒಳಗೊಳಗೇ ಇರಿಸುಮುರಿಸು.

ಅಕ್ಕನಿಗೆ ನಲವತ್ತೊಂದು ತುಂಬಿದ ವರ್ಷ ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದರು. ವಯಸ್ಸು ಚಿಕ್ಕದು, ಅಂಗಿಯ ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ಒಂದು ಶನಿವಾರ ಅಕ್ಕನನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೊಂದು ಪತ್ರವಿತ್ತು. ದೂರದ ನಗರವೊಂದರ ನೀರು ಸರಬರಾಜು ಇಲಾಖೆಯ ಎಂಜಿನಿಯರ್ ಬರೆದದ್ದು. ವಾರಕ್ಕೊಂದು ವ್ಯಾಗನ್ನಿನಂತೆ ಪಂಪು ತರಿಸಿಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಅವರು. ‘ನಿಮ್ಮ ಸರಕು ಒಮ್ಮೆ ಏಳು ದಿನಕ್ಕೆ ಬರುತ್ತದೆ, ಒಮ್ಮೆ ಹದಿಮೂರು ದಿನಕ್ಕೆ. ಕೂಲಿಯವರನ್ನೂ ಕ್ರೇನನ್ನೂ ಕರೆಸಿ ನಾವು ಆಕಾಶ ನೋಡುತ್ತಾ ಕೂರಬೇಕಾಗಿದೆ. ಇದು ಸರಿಹೋಗದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ.’

ಮ್ಯಾನೇಜರ್ ಕೆಂಪು ಪೆನ್ನು ತೆಗೆದು ಹಾಳೆಯ ಮೇಲೆ ಗೀಚಿದರು. “ನೋಡಿ, ಆ ಊರಿಗೆ ಆರು ನೂರ ಇಪ್ಪತ್ತು ಕಿಲೋಮೀಟರ್. ಗೂಡ್ಸ್ ಗಾಡಿ ಎಷ್ಟೇ ತೆವಳಿದ್ರೂ ಗಂಟೆಗೆ ಮೂವತ್ತೆಂಟು, ನಲವತ್ತು ಹೋಗುತ್ತೆ. ಹದಿನಾರು ಗಂಟೆ. ಹದಿನೇಳೇ ಅಂದ್ಕೊಳ್ಳಿ. ಇವರು ಸಾಮಾನ್ಯವಾಗಿ ಒಂಬತ್ತು ದಿನ ತಗೋತಾರೆ. ಮಿಕ್ಕ ಎಂಟು ದಿನ ವ್ಯಾಗನ್ ಏನ್ ಮಾಡ್ತಿರುತ್ತೆ? ನೆಂಟರ ಮನೆಗೆ ಹೋಗಿರುತ್ತಾ?”

ಹತ್ತೊಂಬತ್ತು ವರ್ಷ ‘ಎಲ್ಲಿಗ್ ಬಂತು’ ಎಂದು ಕೇಳಿದ್ದಳೇ ಹೊರತು, ಬಾರದೆ ಇದ್ದಾಗ ಅದು ಏನು ಮಾಡುತ್ತಿರುತ್ತದೆ ಎಂದು ಅಕ್ಕ ಯೋಚಿಸಿರಲೇ ಇಲ್ಲ. ಯಾರ್ಡಿನಲ್ಲಿದೆ ಎಂದರೆ ಯಾರ್ಡಿನಲ್ಲಿದೆ, ಅಷ್ಟೆ.

“ಎಂಜಿನಿಯರು ತಿಂಗಳು ಟೈಮ್ ಕೊಟ್ಟಿದ್ದಾರೆ,” ಎಂದರು ಮ್ಯಾನೇಜರ್. “ಆಗ್ಲಿಲ್ಲ ಅಂದ್ರೆ ಲಾರಿಗೆ ಕೊಟ್ಬಿಡೋದು. ಸೈಡಿಂಗ್ ಮುಚ್ಚೋದು. ನಿಮ್ಮನ್ನ ಸ್ಟೋರ್ಸಿಗೆ ಹಾಕೋಣ ಅಂತಿದ್ದೀನಿ.”

ಸ್ಟೋರ್ಸ್ ಎಂದರೆ ನೆಲಮಾಳಿಗೆ. ಕಿಟಕಿಯಿಲ್ಲ, ಹಳಿಯಿಲ್ಲ, ಬರೀ ನಟ್ಟು, ಬೋಲ್ಟು. ಅಕ್ಕನ ಬಾಯಿಂದ ಬಂದ ಮಾತು ಅವಳಿಗೇ ಆಶ್ಚರ್ಯ ತರುವಂತಿತ್ತು: “ಸಾರ್, ಸೋಮವಾರದ ವ್ಯಾಗನ್ ಜೊತೇಲಿ ನಾನೂ ಹೋಗ್ತೀನಿ. ಒಂದು ಪತ್ರ ಬರೆದುಕೊಡಿ. ಆ ಎಂಟು ದಿನ ಎಲ್ಲಿ ಹೋಗುತ್ತೆ ನೋಡ್ಕೊಂಡು ಬಂದ್ಬಿಡ್ತೀನಿ.”

ಸಂಜೆ ಸುದ್ದಿ ಕೇಳಿ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. “ಹೋಗಿ ನೋಡೋಕೆ ಏನಿದೆ? ಸೋಮಾರಿಗಳು. ಹೋದ್ರೆ ಹೋಯ್ತು, ಬಂದ್ರೆ ಬಂತು ಅನ್ನೋ ಜನ. ನನ್ನ ಕೈಗೆ ಕೊಟ್ಟಿದ್ರೆ ಒಂಬತ್ತು ಗಂಟೇಲಿ ತಲುಪಿಸ್ತಿದ್ದೆ.”

“ನೀನು ಪಂಪ್ ಎಳೀತಿರಲಿಲ್ಲ ಅಪ್ಪ, ಮಲಗಿರೋ ಜನರನ್ನ ಎಳೀತಿದ್ದೆ,” ಎಂದಳು ಮಗಳು ಬಟ್ಟೆ ಮಡಚುತ್ತಾ.

ಸೋಮವಾರ ಮೇಸ್ತ್ರಿಯ ಜನ ಎಂದಿನ ಹಾಗೆ ಬೆಳಿಗ್ಗೆ ಒಂಬತ್ತಕ್ಕೆ ಕೈ ಹಚ್ಚಿ, ನಡುವೆ ಟೀ ಕುಡಿದು, ಮಧ್ಯಾಹ್ನ ಹನ್ನೆರಡೂವರೆಗೆ ಕೊನೆಯ ಪೆಟ್ಟಿಗೆ ತುಂಬಿ ಬಾಗಿಲೆಳೆದರು. ಅಕ್ಕ ಹೊಸ ನೋಟ್ ಪುಸ್ತಕ ತೆರೆದು ನಡುವೆ ಒಂದು ಗೆರೆ ಎಳೆದಳು. ಎಡಗಡೆ ‘ಓಡಿದ್ದು’, ಬಲಗಡೆ ‘ನಿಂತದ್ದು’. ಬ್ಯಾಗು ಹೆಗಲಿಗೇರಿಸಿಕೊಂಡು ಸೈಡಿಂಗಿನ ಪಕ್ಕ ನಿಂತಳು. ಒಂದೂವರೆಯಾಯಿತು. ಎರಡಾಯಿತು. ಒಂದು ನಾಯಿ ಬಂದು ವ್ಯಾಗನ್ನಿನ ನೆರಳಿನಲ್ಲಿ ಮಲಗಿತು.

“ಇಂಜಿನ್ ಯಾವಾಗ ಬರುತ್ತೆ ಮೇಸ್ತ್ರಿ?”

ಮೇಸ್ತ್ರಿ ಗೋಡೆಗೆ ಒರಗಿ ಹಲ್ಲು ಕೆದಕಿಕೊಳ್ಳುತ್ತಿದ್ದರು. “ನಾಳೆ ಬೆಳಿಗ್ಗೆ ಎಂಟಕ್ಕೆ. ದಿನಕ್ಕೆ ಒಂದೇ ಸಲ ಅಲ್ವಾ ಅಕ್ಕ ಅದು ಬರೋದು?”

“ಮತ್ತೆ ಇವತ್ತು?”

“ಇವತ್ತು ಬೆಳಿಗ್ಗೆ ಎಂಟಕ್ಕೆ ಬಂದು, ಏನೂ ಇಲ್ಲ ಅಂತ ಹೋಯ್ತಲ್ಲ.”

ಅಕ್ಕ ಬ್ಯಾಗು ಇಳಿಸಿದಳು. ನೋಟ್ ಪುಸ್ತಕದ ಬಲಗಡೆ ಬರೆದಳು: ಹತ್ತೊಂಬತ್ತೂವರೆ ಗಂಟೆ. ಜಾಗ: ನಮ್ಮದೇ ಮನೆಯಂಗಳ. ರೈಲಿನವರನ್ನು ಬೈಯಲು ಸಿದ್ಧವಾಗಿ ಬಂದವಳಿಗೆ ಮೊದಲ ಗೆರೆಯಲ್ಲೇ ಮುಖಭಂಗವಾಗಿತ್ತು. ಬ್ಯಾಗು ಹೊತ್ತು ಮನೆಗೆ ಹೋದಳು. “ಇಷ್ಟು ಬೇಗ ತಲುಪಿಬಿಟ್ಯಾ?” ಎಂದರು ಅಪ್ಪ.

ಮಂಗಳವಾರ ಎಂಟಕ್ಕೆ ಶಂಟಿಂಗ್ ಇಂಜಿನ್ ಬಂದು ವ್ಯಾಗನ್ನನ್ನು ಎಳೆದುಕೊಂಡು ಹೋಗಿ ನಿಲ್ದಾಣದ ಹಳಿಯೊಂದರಲ್ಲಿ ಬಿಟ್ಟಿತು. ಹತ್ತು ಗಂಟೆಗೆ ಒಂದು ಗೂಡ್ಸ್ ಗಾಡಿ ಬಂತು. ಸಣ್ಣ ಸಣ್ಣ ನಿಲ್ದಾಣಗಳಿಂದ ಒಂದೆರಡು ವ್ಯಾಗನ್ ಹೆಕ್ಕಿಕೊಂಡು ದೊಡ್ಡ ಯಾರ್ಡಿಗೆ ಮುಟ್ಟಿಸುವ ಗಾಡಿ ಅದು. ಸ್ಟೇಷನ್ ಮಾಸ್ಟರ್ ಪತ್ರ ನೋಡಿ, ತಲೆ ಕೆರೆದುಕೊಂಡು, ಕೊನೆಗೆ ಒಂದು ಚೀಟಿ ಬರೆದುಕೊಟ್ಟು ಅವಳನ್ನು ಹಿಂದಿನ ಗಾರ್ಡ್ ಡಬ್ಬಿಗೆ ಹತ್ತಿಸಿದರು.

ಗಾರ್ಡ್ ತುಂಬು ಮೀಸೆಯ ದಪ್ಪ ಮನುಷ್ಯ. ಇಪ್ಪತ್ತೆಂಟು ವರ್ಷ ಒಬ್ಬರೇ ಕೂತು ಬಂದ ಡಬ್ಬಿಗೆ ಮಾತನಾಡುವ ಜೀವವೊಂದು ಹತ್ತಿತೆಂದು ಅವರಿಗೆ ಹಿಗ್ಗೋ ಹಿಗ್ಗು. ಒಂದೇ ಒಂದು ಸ್ಟೂಲನ್ನು ತಮ್ಮ ಕರವಸ್ತ್ರದಿಂದ ಒರೆಸಿ ಅವಳಿಗೆ ಕೊಟ್ಟು, ತಾವು ಪೆಟ್ಟಿಗೆಯ ಮೇಲೆ ಕೂತರು.

“ದೊಡ್ಡ ಯಾರ್ಡಿಗೆ ಎಷ್ಟು ದೂರ?” ಎಂದು ಕೇಳಿದಳು ಅಕ್ಕ.

“ಎಪ್ಪತ್ತು ಕಿಲೋಮೀಟರ್, ತಾಯಿ. ಎರಡು ಗಂಟೆ ದಾರಿ.”

“ಹಾಗಾದ್ರೆ ಹನ್ನೆರಡಕ್ಕೆ ತಲುಪ್ತೀವಿ.”

ಗಾರ್ಡ್ ಮೀಸೆಯೊಳಗೇ ನಕ್ಕರು. “ಊಟದ ಡಬ್ಬಿ ತಂದಿದ್ದೀರಿ ತಾನೆ?”

ಮೊದಲ ನಿಲ್ದಾಣದಲ್ಲಿ ಎರಡು ವ್ಯಾಗನ್ ಸೇರಿಸಬೇಕಿತ್ತು. ಇಂಜಿನ್ ಬಿಚ್ಚಿಕೊಂಡು ಹೋಗಿ, ಬದಿಯ ಹಳಿಯಿಂದ ಅವನ್ನು ಎಳೆದು ತಂದು, ಜೋಡಿಸಿ, ಬ್ರೇಕು ಸರಿಯಾಗಿ ಹಿಡಿಯುತ್ತದೆಯೇ ಎಂದು ನೋಡುವಷ್ಟರಲ್ಲಿ ಮುಕ್ಕಾಲು ಗಂಟೆ. ಎರಡನೆಯದರಲ್ಲಿ ಒಂದು ಬಿಟ್ಟು ಮೂರು ಹತ್ತಿಸಿಕೊಂಡರು. ಅಲ್ಲೂ ಅಷ್ಟೇ ಹೊತ್ತು. ಮೂರನೆಯ ನಿಲ್ದಾಣದಲ್ಲಿ ಸೇರಿಸುವುದೂ ಇರಲಿಲ್ಲ, ಬಿಡುವುದೂ ಇರಲಿಲ್ಲ. ಆದರೂ ಗಾಡಿ ಮುಖ್ಯ ಹಳಿಯಿಂದ ಪಕ್ಕದ ಲೂಪ್ ಲೈನಿಗೆ ತಿರುಗಿ ನಿಂತುಬಿಟ್ಟಿತು. ಐದು ನಿಮಿಷ, ಹದಿನೈದು, ಅರ್ಧ ಗಂಟೆ.

“ಈಗ ಏನಾಯ್ತು?”

“ಎಕ್ಸ್‌ಪ್ರೆಸ್ ಬರ್ತಿದೆ.”

ಅಕ್ಕ ಕತ್ತು ಚಾಚಿ ನೋಡಿದಳು. ಹಳಿ ಖಾಲಿ. ದೂರದಲ್ಲಿ ಬಿಸಿಲು ನಡುಗುತ್ತಿತ್ತು. “ಎಲ್ಲಿ ಬರ್ತಿದೆ?”

“ಇನ್ನೂ ಎರಡು ಸ್ಟೇಷನ್ ಹಿಂದೆ ಇದೆ. ಆದ್ರೆ ನಾವು ಮುಂದೆ ಹೋದ್ರೆ ನಮ್ಮನ್ನ ನಿಲ್ಲಿಸೋಕೆ ಮುಂದಿನ ಸ್ಟೇಷನ್ನಿನ ಲೂಪ್ ಖಾಲಿ ಇಲ್ಲ. ದಾರಿ ಮಧ್ಯೆ ಅದು ನಮ್ಮ ಬೆನ್ನಿಗೆ ಬಂದು ಕೂತ್ಕೊಳ್ಳುತ್ತೆ. ಎಕ್ಸ್‌ಪ್ರೆಸ್ ಡ್ರೈವರಿಗೆ ‘ನಿಧಾನ’ ಅನ್ನೋ ಹಳದಿ ದೀಪ ಕಾಣಿಸಿದ್ರೂ ಮೇಲಿನವರು ನಮ್ಮ ಸ್ಟೇಷನ್ ಮಾಸ್ಟರ್ ಕಿವಿ ಹಿಂಡ್ತಾರೆ. ಅದಕ್ಕೇ ಮೊದಲೇ ನಮ್ಮನ್ನ ಬದಿಗೆ ಹಾಕಿ ಬಾಗಿಲು ಮುಚ್ಚಿಬಿಡೋದು.”

ಐವತ್ತೈದನೇ ನಿಮಿಷಕ್ಕೆ ಎಕ್ಸ್‌ಪ್ರೆಸ್ ಬಂತು. ಡಬ್ಬಿ ಗಡಗಡ ನಡುಗಿತು, ಅಕ್ಕನ ನೋಟ್ ಪುಸ್ತಕದ ಹಾಳೆಗಳು ಪಟಪಟ ಹಾರಿದವು, ಕಿಟಕಿಗಳ ಸಾಲು ಒಂದು ಪಟ್ಟೆಯ ಹಾಗೆ ಹರಿದುಹೋಯಿತು. ಎಂಟು ಸೆಕೆಂಡು. ಅಷ್ಟೆ. ಅವಳಿಗೆ ಆ ಗಾಡಿಯ ಗುರುತು ಸಿಕ್ಕಿತು. ಅಪ್ಪ ಹನ್ನೊಂದು ವರ್ಷ ಓಡಿಸಿದ್ದು ಅದನ್ನೇ.

“ಈಗ ಹೊರಡ್ತೀವಾ?”

“ಇಲ್ಲ ತಾಯಿ. ಅದರ ಹಿಂದೇನೇ ಪ್ಯಾಸೆಂಜರ್ ಇದೆ. ಅದೂ ಹೋಗ್ಲಿ.” ಗಾರ್ಡ್ ಊಟದ ಡಬ್ಬಿ ಬಿಚ್ಚಿದರು. “ಈ ಹಳಿ ಮೇಲೆ ಎಲ್ಲರೂ ನಮಗಿಂತ ದೊಡ್ಡವರೇ. ಎಕ್ಸ್‌ಪ್ರೆಸ್ಸು, ಪ್ಯಾಸೆಂಜರ್ರು, ಟಪಾಲ್ ಗಾಡಿ, ಕೊನೆಗೆ ಹಳಿ ರಿಪೇರಿಯವರ ಟ್ರಾಲಿ ಕೂಡ. ಅದಕ್ಕೆಲ್ಲ ಬೇಜಾರು ಮಾಡ್ಕೊಂಡ್ರೆ ಊಟ ಸೇರಲ್ಲ. ಬನ್ನಿ, ಉಪ್ಪಿನಕಾಯಿ ಹಾಕ್ಲಾ?”

ಸಂಜೆ ಐದೂವರೆಗೆ ದೊಡ್ಡ ಯಾರ್ಡು ತಲುಪಿದಾಗ ಅಕ್ಕ ಬರೆದಳು: ಓಡಿದ್ದು ಎರಡು ಗಂಟೆ. ನಿಂತದ್ದು ಐದೂವರೆ. ಆದರೆ ಅವಳಿಗೆ ಸಿಟ್ಟು ಬಂದಿರಲಿಲ್ಲ. ದಾರಿಯುದ್ದಕ್ಕೂ ಸುಮ್ಮನೆ ಕೂತವರು ಒಬ್ಬರೂ ಕಂಡಿರಲಿಲ್ಲ. ಸುಮ್ಮನೆ ಕೂತಿದ್ದದ್ದು ಅವಳ ವ್ಯಾಗನ್ ಮಾತ್ರ.

ಯಾರ್ಡಿನ ಪಕ್ಕದ ಬೀದಿಯಲ್ಲಿ ಅವಳ ಚಿಕ್ಕಮ್ಮನ ಮನೆ. ಬೆಳಿಗ್ಗೆ ಚಿಕ್ಕಮ್ಮ ಕೊಟ್ಟ ತಿಂಡಿ ಗಂಟಲಲ್ಲಿರುವಾಗಲೇ ಯಾರ್ಡಿಗೆ ಓಡಿದಳು. ಮೂವತ್ತೆರಡು ಹಳಿಗಳು ಬಾಚಣಿಗೆಯ ಹಲ್ಲಿನ ಹಾಗೆ ಹರಡಿಕೊಂಡಿದ್ದವು. ಎತ್ತರದ ಗಾಜಿನ ಕೋಣೆಯಲ್ಲಿ ಯಾರ್ಡ್ ಮಾಸ್ಟರ್ ಕೂತಿದ್ದರು. ತೆಳ್ಳಗೆ, ಗಂಟು ಮುಖ, ಎರಡೂ ಕಿವಿಗೆ ಎರಡು ಫೋನು.

“ನೀವಾ ‘ಎಲ್ಲಿಗ್ ಬಂತು’?” ಎಂದರು ದನಿ ಕೇಳಿದೊಡನೆ. ಗಂಟು ಸ್ವಲ್ಪ ಸಡಿಲವಾಯಿತು. “ಹತ್ತು ವರ್ಷದಿಂದ ನಿಮ್ಮ ದನಿ ಕೇಳ್ತಿದ್ದೀನಿ. ಮುಖ ಇವತ್ತು ನೋಡ್ದೆ. ಬನ್ನಿ, ನಿಮ್ಮ ವ್ಯಾಗನ್ ತೋರಿಸ್ತೀನಿ.”

ಅವಳ ವ್ಯಾಗನ್ ನಿನ್ನೆ ಬಂದ ಗಾಡಿಯಲ್ಲೇ ಇನ್ನೂ ಸಿಕ್ಕಿಕೊಂಡಿತ್ತು. ಇಬ್ಬರು ಸುತ್ತಿಗೆ ಹಿಡಿದು ಒಂದೊಂದೇ ಚಕ್ರ ತಟ್ಟುತ್ತಾ, ಬಿರುಕಿದೆಯೇ ಎಂದು ಬಗ್ಗಿ ನೋಡುತ್ತಾ ಬರುತ್ತಿದ್ದರು. ಅಷ್ಟರಲ್ಲಿ, ಗಂಟೆ ಸರಿಯಾಗಿ ಒಂಬತ್ತು, ಏಳನೇ ಹಳಿಯಿಂದ ನಲವತ್ತು ವ್ಯಾಗನ್ನಿನ ಗಾಡಿಯೊಂದು ಮೈಮುರಿದುಕೊಂಡು ಹೊರಟಿತು. ಕೊನೆಯ ವ್ಯಾಗನ್ನಿನ ಪಕ್ಕೆಗೆ ಅಂಟಿಸಿದ ಚೀಟಿಯಲ್ಲಿ ಬರೆದಿದ್ದ ಊರಿನ ಹೆಸರು ನೋಡಿ ಅಕ್ಕ ಹೌಹಾರಿದಳು.

“ಸಾರ್! ಅದು ನಮ್ಮ ಎಂಜಿನಿಯರ ಊರಿಗೇ ಹೋಗ್ತಿದೆ!”

“ಹೌದು. ವಾರಕ್ಕೊಂದು ನೇರ ಗಾಡಿ. ಪ್ರತಿ ಬುಧವಾರ. ಮಧ್ಯೆ ಎಲ್ಲೂ ಬಿಚ್ಚೋದಿಲ್ಲ. ನಾಳೆ ಮಧ್ಯಾಹ್ನ ಅಲ್ಲಿರುತ್ತೆ.”

“ಮತ್ತೆ ನಮ್ಮ ವ್ಯಾಗನ್?”

“ಅದನ್ನ ಇನ್ನೂ ವಿಂಗಡಿಸಿಲ್ಲವಲ್ಲಮ್ಮ. ನೀವು ನಿನ್ನೆ ಸಂಜೆ ಬಂದ್ರಿ. ನೇರ ಗಾಡಿಗೆ ಸೇರಬೇಕು ಅಂದ್ರೆ ಸೋಮವಾರ ಸಂಜೆಯೊಳಗೆ ಇಲ್ಲಿರಬೇಕು. ಮಂಗಳವಾರ ವಿಂಗಡಣೆ, ಬುಧವಾರ ಪ್ರಯಾಣ.”

ಸೋಮವಾರ ಸಂಜೆ ಇಲ್ಲಿರಬೇಕೆಂದರೆ ಸೋಮವಾರ ಬೆಳಿಗ್ಗೆ ಎಂಟರ ಇಂಜಿನ್ನಿಗೆ ಸಿಗಬೇಕಿತ್ತು. ವ್ಯಾಗನ್ ಸಿದ್ಧವಾದದ್ದು ಹನ್ನೆರಡೂವರೆಗೆ. ಅಕ್ಕ ಮನಸ್ಸಿನಲ್ಲೇ ಕಳೆದು ನೋಡಿದಳು: ನಾಲ್ಕೂವರೆ ಗಂಟೆ. ಇಷ್ಟು ವರ್ಷ ಪ್ರತಿ ಸೋಮವಾರ, ಮೇಸ್ತ್ರಿಯ ಟೀ ಸಮೇತ, ಅದೇ ನಾಲ್ಕೂವರೆ ಗಂಟೆ.

“ಅಯ್ಯೋ, ಇದನ್ನ ನಮಗೆ ಯಾರೂ ಹೇಳಲೇ ಇಲ್ವಲ್ಲ ಸಾರ್!”

“ನೀವು ಕೇಳಿದ್ದು ಎಲ್ಲಿಗ್ ಬಂತು ಅಂತ. ಅದಕ್ಕೆ ಉತ್ತರ ಕೊಟ್ಟಿದ್ದೀವಿ. ಇಲ್ಲಿಂದ ಯಾವಾಗ ಏನು ಹೊರಡುತ್ತೆ ಅಂತ ನಿಮ್ಮ ಕಾರ್ಖಾನೆಯಿಂದ ಒಬ್ಬರಾದ್ರೂ ಕೇಳಿದ್ದೀರಾ?”

ಹನ್ನೊಂದಕ್ಕೆ ಅವಳ ವ್ಯಾಗನ್ನಿನ ಸರದಿ ಬಂತು. ಯಾರ್ಡಿನ ನಡುವೆ ಮಣ್ಣಿನ ದಿಬ್ಬ. ಅದರ ಮೇಲೆ ಹಾದುಹೋಗುವ ಹಳಿ. ಹಿಂದಿನಿಂದ ಇಂಜಿನ್ ಮೆಲ್ಲಗೆ ಒತ್ತುತ್ತಿತ್ತು. ದಿಬ್ಬದ ನೆತ್ತಿಯಲ್ಲಿ ಒಬ್ಬ ಕೊಂಡಿ ಬಿಚ್ಚುತ್ತಿದ್ದ. ಬಿಚ್ಚಿದ ವ್ಯಾಗನ್ ತನ್ನಷ್ಟಕ್ಕೆ ಇಳಿಜಾರಿನಲ್ಲಿ ಉರುಳಿ, ಕೆಳಗಿನವರು ಹಳಿ ತಿರುಗಿಸಿದ ಕಡೆ ಹೋಗಿ, ಧಡ್ ಎಂದು ಸಂಗಡಿಗರನ್ನು ಮುಟ್ಟಿ ನಿಲ್ಲುತ್ತಿತ್ತು. ನಿನ್ನೆ ಒಟ್ಟಿಗೆ ಬಂದ ಗಾಡಿ ಅರ್ಧ ಗಂಟೆಯಲ್ಲಿ ಹನ್ನೆರಡು ದಿಕ್ಕಿಗೆ ಹಂಚಿಹೋಯಿತು. ಪಂಪಿನ ವ್ಯಾಗನ್ ಹನ್ನೊಂದನೇ ಹಳಿಗೆ ಬಿತ್ತು. ಅಲ್ಲಿ ಆಗಲೇ ಹದಿಮೂರು ನಿಂತಿದ್ದವು. ಇದು ಹದಿನಾಲ್ಕು.

“ಇನ್ನು ಹೊರಡಬಹುದಲ್ವಾ?” ಎಂದಳು ಅಕ್ಕ ಆಸೆಯಿಂದ.

“ನಲವತ್ತಾಗಬೇಕು.”

“ಹದಿನಾಲ್ಕನ್ನೇ ಕಳಿಸಿಬಿಡಿ ಸಾರ್. ಪಾಪ, ಅವು ಕಾಯ್ತಿವೆ.”

ಯಾರ್ಡ್ ಮಾಸ್ಟರ್ ಎರಡೂ ಫೋನು ಕೆಳಗಿಟ್ಟರು. “ನೋಡಿಮ್ಮ. ಹದಿನಾಲ್ಕಕ್ಕೂ ಒಂದು ಇಂಜಿನ್ ಬೇಕು, ನಲವತ್ತಕ್ಕೂ ಒಂದೇ ಇಂಜಿನ್. ಡ್ರೈವರು, ಗಾರ್ಡು ಅಷ್ಟೇ ಜನ. ಮುಂದೆ ಒಂಟಿ ಹಳಿ, ದಿನಕ್ಕೆ ನನಗೆ ಸಿಗೋದು ಒಂಬತ್ತು ಗೂಡ್ಸ್ ಗಾಡಿಗೆ ಜಾಗ. ಹದಿನಾಲ್ಕು ಹದಿನಾಲ್ಕಾಗಿ ಕಳಿಸಿದ್ರೆ ಈ ಯಾರ್ಡಿಗೆ ಬರೋ ವ್ಯಾಗನ್‌ಗಳಲ್ಲಿ ಅರ್ಧವೂ ಹೊರಗೆ ಹೋಗಲ್ಲ. ಮೂರೇ ದಿನಕ್ಕೆ ಹಳಿಗಳೆಲ್ಲ ತುಂಬಿ, ಹೊರಗಿನ ಗಾಡಿ ಒಳಗೇ ಬರೋಕಾಗಲ್ಲ. ಆಗ ನಿಮ್ಮದು ಒಂಬತ್ತಲ್ಲ, ಹತ್ತೊಂಬತ್ತು ದಿನ. ಒಬ್ಬರು ಕಾದ್ರೇನೇ ಎಲ್ಲರೂ ಹೋಗೋದು.”

ಅಕ್ಕ ದಿನಕ್ಕೆ ಮೂರು ಸಲ ಬಂದು ಹನ್ನೊಂದನೇ ಹಳಿ ಎಣಿಸಿದಳು. ಬುಧವಾರ ಸಂಜೆ ಹತ್ತೊಂಬತ್ತು. ಗುರುವಾರ ಇಪ್ಪತ್ತೆಂಟು. ಚಿಕ್ಕಮ್ಮ ಬಾಗಿಲಲ್ಲೇ ನಿಂತು “ಎಷ್ಟಾಯ್ತೇ?” ಎಂದು ಕೇಳತೊಡಗಿದಳು. ಬೀದಿಯ ಹೆಂಗಸರೂ ಕೇಳತೊಡಗಿದರು. ಶುಕ್ರವಾರ ಬೆಳಿಗ್ಗೆ ನಲವತ್ತು ತುಂಬಿದಾಗ ಓಣಿಯಲ್ಲಿ ಪಂದ್ಯ ಗೆದ್ದಷ್ಟು ಸಂಭ್ರಮ. ಆದರೆ ಇಂಜಿನ್ ಎದುರು ದಿಕ್ಕಿನಿಂದ ಬರಬೇಕಿತ್ತು, ಅದು ಬಂದದ್ದು ಮಧ್ಯಾಹ್ನ ಮೂರಕ್ಕೆ. ಗಾಡಿ ಹೊರಟದ್ದು ನಾಲ್ಕಕ್ಕೆ.

ಮುಂದಿನ ದಾರಿಯನ್ನು ಅಕ್ಕ ಪ್ಯಾಸೆಂಜರ್ ಗಾಡಿಯಲ್ಲಿ ಹೋದಳು. ನಾನೂರು ಕಿಲೋಮೀಟರ್ ಆಚೆಯ ಎರಡನೇ ಯಾರ್ಡಿಗೆ ಅವಳ ವ್ಯಾಗನ್ ಹತ್ತು ಗಂಟೆ ಓಡಿತು, ಇಪ್ಪತ್ತಾರು ಗಂಟೆ ತೆಗೆದುಕೊಂಡಿತು. ಲೂಪ್‌ಗಳ ಕಥೆ ಅದೇ. ಜೊತೆಗೆ ನಡುದಾರಿಯ ನಿಲ್ದಾಣವೊಂದರಲ್ಲಿ ಡ್ರೈವರನ ಡ್ಯೂಟಿಯ ಗಂಟೆ ಮುಗಿದು, ಬದಲಿ ಡ್ರೈವರ್ ಬರುವ ತನಕ ಗಾಡಿ ಕಾಯಬೇಕಾಯಿತು. “ನಿದ್ದೆಗಣ್ಣಲ್ಲಿ ಓಡಿಸಿ ಅಂತ ಹೇಳೋಕಾಗುತ್ತಾ ಅಕ್ಕ?” ಎಂದ ಅಲ್ಲಿನ ಗುಮಾಸ್ತ. ಆಗುವುದಿಲ್ಲ ಎಂದು ಅಕ್ಕನೂ ಒಪ್ಪಿದಳು. ಎರಡನೇ ಯಾರ್ಡಿನಲ್ಲಿ ಮತ್ತೆ ಸುತ್ತಿಗೆ, ಮತ್ತೆ ದಿಬ್ಬ, ಮತ್ತೆ ನಲವತ್ತರ ಎಣಿಕೆ. ಸೋಮವಾರ ಸಂಜೆ ಹೊರಟು, ಉಳಿದ ನೂರ ಐವತ್ತು ಕಿಲೋಮೀಟರನ್ನು ನಾಲ್ಕು ಗಂಟೆ ಓಡಿ, ಮಂಗಳವಾರ ಬೆಳಿಗ್ಗೆ ಊರು ಸೇರಿತು. ಸೇರಿದರೂ ಗೂಡ್ಸ್ ಶೆಡ್ಡಿನ ಹಳಿಗಳು ತುಂಬಿದ್ದವು. ಯಾರದೋ ಸಿಮೆಂಟು, ಯಾರದೋ ಕಾಗದ, ಬಿಡಿಸಿಕೊಳ್ಳುವವರು ಬಂದಿರಲಿಲ್ಲ. ಬುಧವಾರ ಜಾಗ ಸಿಕ್ಕಿ ಬಾಗಿಲು ತೆರೆದಾಗ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು.

ಅಕ್ಕ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಎರಡೂ ಸಾಲು ಕೂಡಿಸಿದಳು. ಸೋಮವಾರದ ಹನ್ನೆರಡೂವರೆಯಿಂದ ಈ ಬುಧವಾರದ ಹನ್ನೆರಡೂವರೆಗೆ ಇನ್ನೂರ ಹದಿನಾರು ಗಂಟೆ. ಓಡಿದ್ದು ಹದಿನಾರು. ನಿಂತದ್ದು ಇನ್ನೂರು.

ಪೆಟ್ಟಿಗೆ ಇಳಿಸಿಕೊಳ್ಳಲು ಬಂದಿದ್ದ ಎಂಜಿನಿಯರ್ ಅವಳ ಪಕ್ಕದಲ್ಲೇ ನಿಂತು ಆ ಪುಸ್ತಕ ನೋಡಿದರು. ನರೆತ ಕೂದಲು, ಕೆಸರು ಮೆತ್ತಿದ ಬೂಟು. “ನನಗೆ ನಿಮ್ಮ ಪಂಪು ಹಾರಿಕೊಂಡು ಬರಬೇಕಾಗಿಲ್ಲಮ್ಮ,” ಎಂದರು. “ಯಾವ ದಿನ ಬರುತ್ತೆ ಅಂತ ಒಂದು ಮಾತು ಬೇಕು. ಆ ದಿನ ಕ್ರೇನ್ ಕರೆಸ್ತೀನಿ. ಅಷ್ಟೇ.”

ಮನೆಗೆ ಬಂದ ಅಕ್ಕ ಅಪ್ಪನ ಮುಂದೆ ಪುಸ್ತಕ ಬಿಚ್ಚಿದಳು. ಲೂಪಿನಲ್ಲಿ ಐವತ್ತೈದು ನಿಮಿಷ ನಿಂತದ್ದು, ಎಂಟು ಸೆಕೆಂಡಿಗೆ ಎಕ್ಸ್‌ಪ್ರೆಸ್ ದಾಟಿದ್ದು ಎಲ್ಲವನ್ನೂ ಹೇಳಿದಳು. ಅಪ್ಪ ತಮ್ಮ ಎಂಟು ನಿಮಿಷದ ಊಟವನ್ನು ಅರ್ಧಕ್ಕೇ ನಿಲ್ಲಿಸಿದರು.

“ಅದು ನೀರಿನ ಟ್ಯಾಂಕ್ ಇರೋ ಸ್ಟೇಷನ್ನಾ? ಬಲಗಡೆ ಲೂಪು?”

“ಹೂಂ.”

“ಅಲ್ಲಿ ದಿನಾ ಒಂದು ಗೂಡ್ಸ್ ನಿಂತಿರ್ತಿತ್ತು. ಹನ್ನೊಂದು ವರ್ಷ ನೋಡಿದ್ದೀನಿ. ಕೆಟ್ಟುಹೋಗಿರೋ ಗಾಡಿ, ಅಲ್ಲೇ ಬಿಟ್ಟಿದ್ದಾರೆ ಅಂದ್ಕೊಂಡಿದ್ದೆ.” ತಟ್ಟೆಯ ಅನ್ನವನ್ನು ಒಂದು ಬದಿಗೆ ಒತ್ತಿದರು. “ಅಂದ್ರೆ ನಾನು ಬರ್ತೀನಿ ಅಂತಲೇ ಅವರನ್ನ ನಿಲ್ಲಿಸ್ತಿದ್ರು ಅನ್ನು.”

“ಹೂಂ ಅಪ್ಪ.”

“ಗಾರ್ಡು ಏನಾದ್ರೂ ಬೈದ್ನಾ ನನ್ನ?”

“ಇಲ್ಲ. ಉಪ್ಪಿನಕಾಯಿ ಹಾಕಿದ್ರು.”

ಆ ದಿನ ಅಪ್ಪನ ಊಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ಕಾರ್ಖಾನೆಯಲ್ಲಿ ಮ್ಯಾನೇಜರಿಗೆ ಹೇಳುವುದು ಸುಲಭವಾಯಿತು. ಅಂಕಿಗಳನ್ನು ಕಂಡರೆ ಅವರಿಗೆ ಪ್ರೀತಿ. ಮೂರೂ ಪೆನ್ನು ತೆಗೆದು ಇಡೀ ಪುಸ್ತಕಕ್ಕೆ ಬಣ್ಣ ಹಚ್ಚಿದರು. ಕಷ್ಟವಾದದ್ದು ಮೇಸ್ತ್ರಿಗೆ ಹೇಳುವುದು. ಸೋಮವಾರ ಎಂಟಕ್ಕೆ ವ್ಯಾಗನ್ ಸಿದ್ಧವಿರಬೇಕೆಂದರೆ ಶನಿವಾರವೇ ತುಂಬಬೇಕು.

“ಆಗೋ ಮಾತಲ್ಲ,” ಎಂದರು ಮೇಸ್ತ್ರಿ ಕೈ ಕಟ್ಟಿಕೊಂಡು. “ಪಂಪಿಗೆ ಬಣ್ಣ ಹೊಡೆಯೋದು ಶುಕ್ರವಾರ. ಶನಿವಾರ ಹಸಿ ಇರುತ್ತೆ. ಭಾನುವಾರ ಒಣಗುತ್ತೆ. ಅದಕ್ಕೇ ಸೋಮವಾರ ತುಂಬೋದು. ನಮ್ಮ ಕಾಲದಿಂದ ಹೀಗೇ.”

“ಬಣ್ಣ ಗುರುವಾರ ಹೊಡೆದ್ರೆ?”

“ಗುರುವಾರ ಬಣ್ಣದವನು ಬ್ರಷ್ ತೊಳೀತಾನೆ.”

“ಬ್ರಷ್ ಶುಕ್ರವಾರ ತೊಳೀಲಿ ಮೇಸ್ತ್ರಿ!”

ಮೇಸ್ತ್ರಿ ಕಟ್ಟಿದ ಕೈ ಬಿಚ್ಚಿದರು. ಇಷ್ಟು ವರ್ಷ ಹೊಳೆಯದೆ ಹೋದದ್ದಕ್ಕೆ ಮುಖ ಕೆಂಪಗಾಯಿತು. “ಸರಿ. ಆದ್ರೆ ಇದು ನಾನು ಹೇಳಿದ್ದು ಅಂತ ಇರಲಿ,” ಎಂದರು. ಅಕ್ಕ ಸಂತೋಷವಾಗಿ ಒಪ್ಪಿದಳು.

ಮೊದಲ ಸಲ ಶನಿವಾರ ಸಂಜೆ ತುಂಬಿದ ವ್ಯಾಗನ್ ಸೋಮವಾರ ದೊಡ್ಡ ಯಾರ್ಡು ಸೇರಿತು, ಬುಧವಾರ ನೇರ ಗಾಡಿ ಹತ್ತಿತು, ಎರಡನೇ ಯಾರ್ಡಿನಲ್ಲಿ ಇಂಜಿನ್ ಬದಲಾಯಿಸಿಕೊಂಡು ಹಾಗೇ ದಾಟಿ ಗುರುವಾರ ಊರು ತಲುಪಿತು. ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆಯಿತು. ಮ್ಯಾನೇಜರ್ ಕುಣಿಯುವುದೊಂದು ಬಾಕಿ. “ಒಂಬತ್ತು ದಿನ ಇದ್ದದ್ದು ನಾಲ್ಕು ದಿನ! ಸೋಮವಾರ ಹೋಯ್ತು, ಶುಕ್ರವಾರ ತಲುಪ್ತು!”

“ಆರು ದಿನ ಸಾರ್,” ಎಂದಳು ಅಕ್ಕ. “ಶನಿವಾರ ಬಾಗಿಲು ಹಾಕಿದ್ದು. ನಮ್ಮಂಗಳದಲ್ಲಿ ನಿಂತದ್ದೂ ನಿಂತದ್ದೇ.”

ಮ್ಯಾನೇಜರ್ ಸ್ವಲ್ಪ ಸಪ್ಪಗಾದರು. “ಇನ್ನೂ ಕಡಿಮೆ ಆಗಲ್ವಾ? ಓಡೋದು ಹದಿನಾರೇ ಗಂಟೆ ಅಲ್ವಾ?”

“ವ್ಯಾಗನ್ ನಮ್ಮದೊಂದೇ ಇದ್ದಿದ್ರೆ ಆಗ್ತಿತ್ತು ಸಾರ್.”

ಎರಡನೇ ವಾರವೂ ಶುಕ್ರವಾರವೇ ಬಾಗಿಲು ತೆರೆಯಿತು. ಮೂರನೇ ವಾರ ಎಡವಟ್ಟಾಯಿತು. ನೇರ ಗಾಡಿಗೆ ನಲವತ್ತೊಂದು ವ್ಯಾಗನ್ ಬಂದಿದ್ದವು; ಹೊರಗೆ ಉಳಿದ ಒಂದು ಇವರದೇ. ಯಾರ್ಡ್ ಮಾಸ್ಟರ್ ತಾವೇ ಫೋನು ಮಾಡಿ ತಿಳಿಸಿದರು. ಮೊದಲಾಗಿದ್ದರೆ ಅಕ್ಕ ಅಲ್ಲಿಗೂ ಇಲ್ಲಿಗೂ ಕರೆ ಮಾಡಿ ಬೆವರುತ್ತಿದ್ದಳು. ಈಗ ನೇರವಾಗಿ ಎಂಜಿನಿಯರಿಗೆ ಹೇಳಿದಳು: “ಈ ಸಲ ಶುಕ್ರವಾರ ಬರಲ್ಲ ಸಾರ್, ಕ್ರೇನ್ ಕರೆಸಬೇಡಿ. ಮಾಮೂಲಿ ಗಾಡೀಲಿ ಮುಂದಿನ ಬುಧವಾರ ಬರುತ್ತೆ. ಎರಡನೇ ಯಾರ್ಡಿನಲ್ಲಿ ಬೇಗ ನಲವತ್ತಾದ್ರೆ ಮಂಗಳವಾರ. ಸೋಮವಾರ ಸಂಜೆ ಖಚಿತವಾಗಿ ಹೇಳ್ತೀನಿ.”

ಬೈಗುಳ ಬರುತ್ತದೆಂದು ಅಕ್ಕ ಫೋನನ್ನು ಕಿವಿಯಿಂದ ಒಂದಿಷ್ಟು ದೂರ ಹಿಡಿದಳು.

“ಇಷ್ಟು ಮೊದಲೇ ಹೇಳಿದ್ದು ಇದೇ ಮೊದಲು,” ಎಂದರು ಎಂಜಿನಿಯರ್. “ಒಳ್ಳೇದಾಯ್ತು. ಕ್ರೇನಿಗೆ ಬೇರೆ ಕೆಲಸ ಇದೆ.”

ಸೈಡಿಂಗ್ ಮುಚ್ಚಲಿಲ್ಲ. ಅಕ್ಕನನ್ನು ನೆಲಮಾಳಿಗೆಗೆ ಹಾಕುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಪಕ್ಕದ ಗಾಜಿನ ಕಾರ್ಖಾನೆಯವರು, ಎದುರಿನ ಕಾಗದದ ಗಿರಣಿಯವರು ಒಬ್ಬೊಬ್ಬರಾಗಿ ಬಂದು ಅವಳ ಮೇಜಿನ ಮುಂದೆ ಕೂತು, ತಮ್ಮ ಸರಕಿನ ದಿಕ್ಕಿಗೆ ನೇರ ಗಾಡಿ ಯಾವತ್ತು ಎಂದು ವಿಚಾರಿಸತೊಡಗಿದರು. ಅವಳಿಗೆ ತಿಳಿದಿದ್ದರೆ ಹೇಳುವಳು, ತಿಳಿಯದಿದ್ದರೆ ಯಾರ್ಡ್ ಮಾಸ್ಟರನ್ನು ಕೇಳಿ ಹೇಳುವಳು. ಬಂದವರು ಎದ್ದು ಹೋಗುವಾಗ ತಪ್ಪದೆ ಒಂದು ಮಾತು ಕೇಳುವರು: “ಬೇಗ ಹೋಗೋ ಹಾಗೆ ಏನಾದ್ರೂ ಮಾಡೋಕಾಗುತ್ತಾ ಅಕ್ಕ?”

“ಆಗುತ್ತೆ,” ಎನ್ನುವಳು ಅವಳು ಪೆನ್ಸಿಲ್ ಚೂಪು ಮಾಡುತ್ತಾ. “ಮೊದಲು ನಿಮ್ಮ ಮೇಸ್ತ್ರಿ ಎಷ್ಟೊತ್ತಿಗೆ ಟೀ ಕುಡೀತಾರೆ ಹೇಳಿ.”